ಗಿರಣಿಗೆ ಹೊಸ ಯಂತ್ರ: ಯಾವ ಲೆಕ್ಕವನ್ನು ನಂಬಬೇಕು?

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಯವರು ಹೊಸ ಯಂತ್ರ ತರುವಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ? ಇದನ್ನೇ ಲೆಕ್ಕಪತ್ರದವರು ಪೇಬ್ಯಾಕ್ ಅವಧಿ ಎನ್ನುತ್ತಾರೆ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಇದರ ಜೊತೆಗೆ ನಿವ್ವಳ ಪ್ರಸ್ತುತ ಮೌಲ್ಯ ಮತ್ತು ಲಾಭದಾಯಕತೆಯ ಸೂಚ್ಯಂಕ ಎಂಬ ಇನ್ನೆರಡು ಅಂಕಿಗಳೂ ಇರುತ್ತವೆ. ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ತೊಂದರೆಯಿಲ್ಲ. ಒಂದೊಂದು ಒಂದೊಂದು ಕಡೆ ತೋರಿಸಿದಾಗ ಏನು ಮಾಡಬೇಕು?

ವರ್ಷಕ್ಕೆ 2,500 ಟನ್ ಭತ್ತ ಆಡಿಸುವ ಒಂದು ಸಣ್ಣ ಗಿರಣಿಯನ್ನು ಊಹಿಸಿಕೊಳ್ಳೋಣ. ಮಾಲೀಕರ ಮುಂದೆ ಮೂರು ಯೋಜನೆಗಳಿವೆ. ಅಂಕಿಗಳು ಉದಾಹರಣೆಗೆ ಮಾತ್ರ. ಲೆಕ್ಕ ಸರಳವಾಗಿರಲೆಂದು ತೆರಿಗೆಯನ್ನು ಬದಿಗಿಟ್ಟಿದ್ದೇನೆ.

ಮೊದಲನೆಯದು ಬಣ್ಣಗೆಟ್ಟ ಕಾಳನ್ನು ಆರಿಸಿ ತೆಗೆಯುವ ಸಾರ್ಟೆಕ್ಸ್ ಯಂತ್ರ. ಬೆಲೆ 24 ಲಕ್ಷ. ಸ್ವಚ್ಛ ಅಕ್ಕಿಗೆ ಹೆಚ್ಚಿನ ದರ ಸಿಗುವುದರಿಂದ ಮೊದಲ ಎರಡು ವರ್ಷ ಹತ್ತತ್ತು ಲಕ್ಷ, ಮೂರನೇ ವರ್ಷ 8 ಲಕ್ಷ ಕೈಗೆ ಬರುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದ ಗಿರಣಿಗಳೂ ಅದೇ ಯಂತ್ರ ಹಾಕಿರುತ್ತವೆ, ಹೆಚ್ಚಿನ ದರ ಕರಗುತ್ತದೆ. ಕೊನೆಯ ಎರಡು ವರ್ಷ 3 ಲಕ್ಷ, 2 ಲಕ್ಷಕ್ಕೆ ಇಳಿಯುತ್ತದೆ.

ಎರಡನೆಯದು ಹೊಟ್ಟು ಉರಿಸಿ ಭತ್ತ ಒಣಗಿಸುವ ಡ್ರೈಯರ್. ಬೆಲೆ 60 ಲಕ್ಷ, ಎಂಟು ವರ್ಷ ವರ್ಷಕ್ಕೆ 14.5 ಲಕ್ಷ ಬರುತ್ತದೆ ಎಂಬ ಅಂದಾಜು. ಕಟಾವು ಯಂತ್ರದಿಂದ ನೇರ ಬರುವ ಹಸಿ ಭತ್ತವನ್ನು ಕಡಿಮೆ ದರಕ್ಕೆ ಕೊಂಡು ಒಣಗಿಸಬಹುದು. ಮಳೆ ಬಂತೆಂದು ಕಣದಲ್ಲಿ ಹರಡಿದ ಭತ್ತಕ್ಕೆ ತಾಡಪಾಲು ಹೊದಿಸಲು ಓಡಬೇಕಾಗಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಶೇ. 22 ತೇವಾಂಶದ 100 ಕ್ವಿಂಟಲ್ ಭತ್ತವನ್ನು ಶೇ. 14ಕ್ಕೆ ಇಳಿಸಿದರೆ ತೂಕ 91 ಕ್ವಿಂಟಲ್ ಆಸುಪಾಸಿಗೆ ಬರುತ್ತದೆ. ಖರೀದಿ ದರ ಶೇ. 9ಕ್ಕಿಂತ ಹೆಚ್ಚು ಕಡಿಮೆ ಇಲ್ಲದಿದ್ದರೆ ಲಾಭವೆಂದು ಬರೆದುಕೊಂಡದ್ದು ಆವಿಯಾಗಿ ಹೋದ ನೀರಷ್ಟೇ.

ಮೂರನೆಯದು ಹಳೆಯ ಶೆಲ್ಲರ್ ಮತ್ತು ಪಾಲಿಶರ್ ತೆಗೆದು ಹೊಸದು ಹಾಕುವುದು. ಖರ್ಚು 20 ಲಕ್ಷ. 2,500 ಟನ್ ಭತ್ತಕ್ಕೆ ಸುಮಾರು 1,650 ಟನ್ ಅಕ್ಕಿ ಬರುತ್ತದೆ. ನೂರು ಕಿಲೋ ಅಕ್ಕಿಯಲ್ಲಿ ನುಚ್ಚು ಒಂದೂಮುಕ್ಕಾಲು ಕಿಲೋ ಕಡಿಮೆಯಾದರೂ ವರ್ಷಕ್ಕೆ 29 ಟನ್‌ನಷ್ಟು ಇಡಿ ಅಕ್ಕಿ ಉಳಿಯುತ್ತದೆ. ನುಚ್ಚಿಗೂ ಇಡಿ ಅಕ್ಕಿಗೂ ಕಿಲೋಗೆ 20 ರೂಪಾಯಿ ಅಂತರ ಹಿಡಿದರೆ, ರಬ್ಬರ್ ರೋಲಿನ ಹೆಚ್ಚುವರಿ ಖರ್ಚು ಕಳೆದು 5.5 ಲಕ್ಷ ಕೈಗೆ ಬರುತ್ತದೆ. ಇದೂ ಎಂಟು ವರ್ಷದ ಯಂತ್ರ.

ಪೇಬ್ಯಾಕ್ ನೋಡಿದರೆ ಸಾರ್ಟೆಕ್ಸ್ ಗೆಲ್ಲುತ್ತದೆ: ಎರಡೂವರೆ ವರ್ಷಕ್ಕೆ ಹಣ ವಾಪಸ್. ಶೆಲ್ಲರಿಗೆ ಮೂರೂವರೆ ವರ್ಷ ದಾಟುತ್ತದೆ, ಡ್ರೈಯರಿಗೆ ನಾಲ್ಕು ವರ್ಷವೂ ಸಾಲದು. ಆದರೆ ಹಣ ವಾಪಸ್ ಬಂದ ಮರುದಿನದಿಂದ ಏನಾಗುತ್ತದೆ ಎಂಬುದನ್ನು ಪೇಬ್ಯಾಕ್ ನೋಡುವುದೇ ಇಲ್ಲ. ಸಾರ್ಟೆಕ್ಸ್‌ನ ಆದಾಯ ಬತ್ತುವುದು ಸರಿಯಾಗಿ ಅಲ್ಲಿಂದಲೇ.

ನಿವ್ವಳ ಪ್ರಸ್ತುತ ಮೌಲ್ಯ ಯಂತ್ರದ ಪೂರ್ತಿ ಆಯುಷ್ಯವನ್ನು ನೋಡುತ್ತದೆ, ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುತ್ತದೆ. ಶೇ. 12ರ ದರದಲ್ಲಿ ಎಂಟು ವರ್ಷದ ನಂತರದ ಒಂದು ಲಕ್ಷ ಇವತ್ತಿನ 40 ಸಾವಿರಕ್ಕೆ ಸಮ. ಹೀಗೆ ಇಳಿಸಿದ ಮೊತ್ತಗಳನ್ನೆಲ್ಲ ಕೂಡಿ ಹೂಡಿದ್ದನ್ನು ಕಳೆದರೆ ಸಾರ್ಟೆಕ್ಸ್‌ಗೆ 1.6 ಲಕ್ಷ, ಶೆಲ್ಲರಿಗೆ 7.3 ಲಕ್ಷ, ಡ್ರೈಯರಿಗೆ 12 ಲಕ್ಷ ಉಳಿಯುತ್ತದೆ. ಈ ಲೆಕ್ಕದಲ್ಲಿ ಡ್ರೈಯರ್ ಮುಂದು.

ಕಳೆಯುವ ಬದಲು ಭಾಗಿಸಿದರೆ ಸಿಗುವುದು ಲಾಭದಾಯಕತೆಯ ಸೂಚ್ಯಂಕ: ಹೂಡಿದ ಒಂದು ರೂಪಾಯಿಗೆ ಇವತ್ತಿನ ಬೆಲೆಯಲ್ಲಿ ಎಷ್ಟು ಬರುತ್ತದೆ. ಸಾರ್ಟೆಕ್ಸ್‌ಗೆ 1.07, ಡ್ರೈಯರಿಗೆ 1.20, ಶೆಲ್ಲರಿಗೆ 1.37. ಈಗ ಶೆಲ್ಲರ್ ಮೊದಲು ಬಂತು.

ಬಂಡವಾಳ ಕಡಿಮೆಯಿದ್ದಾಗ ಸೂಚ್ಯಂಕದ ಕ್ರಮದಲ್ಲೇ ಆರಿಸಿಕೊಳ್ಳಿ ಎಂದು ಪಠ್ಯಪುಸ್ತಕ ಹೇಳುತ್ತದೆ. ಸಣ್ಣ ಗಿರಣಿಯಲ್ಲಿ ಈ ಮಾತನ್ನು ಪರೀಕ್ಷಿಸದೆ ಒಪ್ಪಬಾರದು. ಕೈಯಲ್ಲಿ 60 ಲಕ್ಷ ಇದೆ ಎನ್ನೋಣ. ಕ್ರಮದಂತೆ ಮೊದಲು ಶೆಲ್ಲರ್ ಹಾಕಿಸಿದರೆ ಉಳಿಯುವುದು 40 ಲಕ್ಷ; ಅದಕ್ಕೆ ಡ್ರೈಯರ್ ಬರುವುದಿಲ್ಲ, ಸಾರ್ಟೆಕ್ಸ್ ಬರುತ್ತದೆ. ಎರಡೂ ಸೇರಿ ನಿವ್ವಳ ಮೌಲ್ಯ 8.9 ಲಕ್ಷ. ಡ್ರೈಯರ್ ಒಂದನ್ನೇ ತಂದಿದ್ದರೆ 12 ಲಕ್ಷ. ಮುಕ್ಕಾಲು ಡ್ರೈಯರ್ ಕೊಳ್ಳಲು ಆಗುವುದಿಲ್ಲವಾದ್ದರಿಂದಲೇ ಸೂಚ್ಯಂಕ ಇಲ್ಲಿ ದಾರಿ ತಪ್ಪಿಸುತ್ತದೆ. ಇರುವ ಹಣದಲ್ಲಿ ಹೊಂದುವ ಜೋಡಿಗಳನ್ನೆಲ್ಲ ಬರೆದುಕೊಂಡು, ಒಟ್ಟು ನಿವ್ವಳ ಮೌಲ್ಯ ಯಾವುದಕ್ಕೆ ಹೆಚ್ಚು ಎಂದು ನೋಡುವುದೇ ಸರಿಯಾದ ಕ್ರಮ.

ಹಾಗಾದರೆ ಡ್ರೈಯರ್ ತರಬೇಕೇ? ಇಷ್ಟರಲ್ಲೇ ಸಹಿ ಹಾಕುವುದು ಅವಸರವಾಗುತ್ತದೆ. ಯಂತ್ರದ ಕೊಟೇಶನ್ನಿನಲ್ಲಿ ಕಾಣದ ಒಂದು ಖರ್ಚು ಬಾಕಿಯಿದೆ. ಡ್ರೈಯರ್ ಬಂದ ಮೇಲೆ ಸುಗ್ಗಿಯ ಕೆಲವೇ ವಾರಗಳಲ್ಲಿ ಹಸಿ ಭತ್ತ ಕೊಂಡು ಗೋದಾಮಿನಲ್ಲಿ ಕೂಡಿಡಬೇಕು. ಅದಕ್ಕೆ 10 ಲಕ್ಷ ದುಡಿಯುವ ಬಂಡವಾಳ ಹೆಚ್ಚಿಗೆ ಬೇಕು ಎಂದುಕೊಳ್ಳಿ. 2025–26ರ ಬೆಂಬಲ ಬೆಲೆ 2,369 ರೂಪಾಯಿಯಂತೆ ಅದು 420 ಕ್ವಿಂಟಲ್ ಭತ್ತ. ಗಿರಣಿಯವರಿಗೆ ದೊಡ್ಡ ದಾಸ್ತಾನೇನೂ ಅಲ್ಲ. ಎಂಟನೇ ವರ್ಷದ ಕೊನೆಗೆ ಆ ಹಣ ಮರಳಿ ಬಂದರೂ ಇವತ್ತಿನ ಬೆಲೆಯಲ್ಲಿ ಅದು 4 ಲಕ್ಷ ಮಾತ್ರ. ಡ್ರೈಯರಿನ ನಿವ್ವಳ ಮೌಲ್ಯ 12ರಿಂದ 6 ಲಕ್ಷಕ್ಕೆ ಕುಸಿಯಿತು. ಈಗ 20 ಲಕ್ಷದ ಶೆಲ್ಲರೇ ಅದಕ್ಕಿಂತ ಹೆಚ್ಚು ಕೊಡುತ್ತದೆ. ಒಟ್ಟು ಹೂಡಿಕೆಯೂ 70 ಲಕ್ಷವಾಗಿ ಕೈಯಲ್ಲಿರುವುದನ್ನು ಮೀರಿತು. ಅಳತೆ ಬದಲಾಗಲಿಲ್ಲ; ಬಿಟ್ಟುಹೋದ ಒಂದು ಸಾಲು ಸೇರಿತು, ಅಷ್ಟೆ.

ಇದರ ತದ್ವಿರುದ್ಧ ತಪ್ಪೂ ಆಗುತ್ತದೆ. ಎಷ್ಟೋ ವರದಿಗಳಲ್ಲಿ ವರ್ಷದ ಆದಾಯದಿಂದ ಸಾಲದ ಬಡ್ಡಿಯನ್ನು ಕಳೆದು, ಆಮೇಲೆ ಮತ್ತೆ ಶೇ. 12ರಲ್ಲಿ ಇಳಿಸಿರುತ್ತಾರೆ. ಆ ಶೇ. 12ರಲ್ಲೇ ಬಡ್ಡಿ ಸೇರಿದೆ. ಎರಡು ಸಲ ಕಳೆದರೆ ಒಳ್ಳೆಯ ಯೋಜನೆಯೂ ನಷ್ಟದ್ದಾಗಿ ಕಾಣುತ್ತದೆ. ಸವಕಳಿಯನ್ನು ಕಳೆಯುವುದೂ ತಪ್ಪೇ, ಅದು ಕೈಬಿಟ್ಟು ಹೋಗುವ ಹಣವಲ್ಲ.

ಇಷ್ಟಾದರೂ 6 ಲಕ್ಷ ಉಳಿಯಿತಲ್ಲ, ಇನ್ನಷ್ಟು ಸಾಲ ಮಾಡಿ ಡ್ರೈಯರನ್ನೂ ತರೋಣ ಎನ್ನುವವರು ನೀರಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಈ ಭಾಗದ ಭತ್ತ ನಿಂತಿರುವುದು ತುಂಗಭದ್ರಾ ಕಾಲುವೆಯ ಮೇಲೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶದ ರೈತರು ಉಸಿರು ಬಿಗಿಹಿಡಿದಿದ್ದರು. ಎರಡನೇ ಬೆಳೆಗೆ ನೀರು ಬಿಡದ ವರ್ಷ ಬಂದರೆ ಡ್ರೈಯರ್ ಅರ್ಧ ವರ್ಷ ಸುಮ್ಮನೆ ನಿಲ್ಲುತ್ತದೆ, 7.25 ಲಕ್ಷ ತಪ್ಪುತ್ತದೆ. ಅದು ಏಳನೇ ವರ್ಷದಲ್ಲಾದರೆ ನಿವ್ವಳ ಮೌಲ್ಯದಲ್ಲಿ ಹೆಚ್ಚುಕಡಿಮೆ 2.8 ಲಕ್ಷ ಇನ್ನೂ ಉಳಿದಿರುತ್ತದೆ. ಎರಡನೇ ವರ್ಷದಲ್ಲೇ ಆದರೆ ಉಳಿಯುವುದು 30 ಸಾವಿರದಷ್ಟು. ಅದೇ ಬೆಳೆ ತಪ್ಪಿದರೆ ಶೆಲ್ಲರ್ ಕಳೆದುಕೊಳ್ಳುವುದು 2.2 ಲಕ್ಷ, ಅದರ 5 ಲಕ್ಷ ಭದ್ರವಾಗಿರುತ್ತದೆ. ಇದೆಲ್ಲದರ ನಡುವೆ ಡ್ರೈಯರಿನ ಪೇಬ್ಯಾಕ್ ಮಾತ್ರ ಆರು ತಿಂಗಳಷ್ಟೇ ಮುಂದೆ ಹೋಗಿರುತ್ತದೆ.