ಮೂಲೆಯ ತಾರೀಖಿಗೆ ಕತ್ತರಿ
1990ರ ದಶಕದ ಮದುವೆ ಫೋಟೊಗಳ ಕೆಳಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಕಣ್ಣಿಗೆ ಚುಚ್ಚುತ್ತದೆ. ಕ್ಯಾಮೆರಾದೊಳಗಿನ ಪುಟ್ಟ ದೀಪ ಅದನ್ನು ಫಿಲ್ಮಿನ ಮೇಲೇ ಮೂಡಿಸಿರುತ್ತದೆ. ನೆಗೆಟಿವ್ ಸ್ಕ್ಯಾನ್ ಮಾಡಿದರೂ ಬಿಡದು.

ಸುಲಭದ ದಾರಿ ಕ್ರಾಪ್. ಮೂಲ ಫೈಲನ್ನು ಮುಟ್ಟದೆ ಅದರ ಪ್ರತಿಯ ಮೇಲೆ ಕೆಲಸ ಮಾಡಬೇಕು. 3600×2400 ಪಿಕ್ಸೆಲ್‌ಗಳ ಸ್ಕ್ಯಾನ್‌ನಲ್ಲಿ ತಾರೀಖು ಕೆಳಗಿನ 200 ಪಿಕ್ಸೆಲ್‌ಗಳೊಳಗಿದೆ ಎನ್ನಿ. ಆ ಪಟ್ಟಿಯನ್ನಷ್ಟೇ ಕತ್ತರಿಸಿದರೆ ಚಿತ್ರ 6×4 ಇಂಚಿನ ಪ್ರಿಂಟಿಗೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಅನುಪಾತವನ್ನು 3:2ಕ್ಕೆ ಲಾಕ್ ಮಾಡಿ ಬಲಗಡೆಯ ಕೆಳಮೂಲೆಯನ್ನು ಒಳಕ್ಕೆ ಎಳೆಯಬೇಕು. 3300×2200 ಉಳಿಯುತ್ತದೆ, ಪ್ರಿಂಟಿಗೆ ಧಾರಾಳ. ಅಂಕಿಗಳ ಸುತ್ತ ಹರಡಿದ ಕಿತ್ತಳೆ ಹೊಳಪು ಅಂಚಿನಲ್ಲಿ ಉಳಿದಿದೆಯೇ ಎಂದು ಝೂಮ್ ಮಾಡಿ ನೋಡಬೇಕು.

ಮದುಮಗಳ ಪಾದವೇ ಕತ್ತರಿಗೆ ಸಿಗುವಂತಿದ್ದರೆ? ಆಗ ಕ್ರಾಪ್ ಬೇಡ, ತಾರೀಖೇ ಇರಲಿ.

ಕತ್ತರಿಸುವ ಮುನ್ನ ಆ ತಾರೀಖನ್ನು ಫೈಲಿನ ಹೆಸರಿಗೆ ಸೇರಿಸಿಡುವುದು ಜಾಣತನ.