ಪಿನ್ ಒತ್ತಿದರೆ ಹಣ ಹೊರಗೇ ಹೋಗುತ್ತದೆ

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಲ್ಲಿ ಒಬ್ಬ ಹೆಣ್ಣುಮಗಳು ರೇಷ್ಮೆ ಸೀರೆಗಳ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ಮಾರುತ್ತಾರೆ ಎಂದುಕೊಳ್ಳೋಣ. ಗುರುತಿಲ್ಲದ ನಂಬರಿನಿಂದ ಮೆಸೇಜು ಬರುತ್ತದೆ: "ಅಕ್ಕ, ನಾನು ಮಿಲಿಟರಿಯಲ್ಲಿದೀನಿ. ಎಂಟು ಸಾವಿರ ಅಡ್ವಾನ್ಸ್ ಹಾಕ್ತೀನಿ. ಈ ಕೋಡ್ ಸ್ಕ್ಯಾನ್ ಮಾಡಿ, ದುಡ್ಡು ನಿಮ್ಮ ಖಾತೆಗೆ ಬರ್ತದೆ." ಜೊತೆಗೆ ಒಂದು ಕ್ಯೂಆರ್ ಕೋಡ್.

ಆ ಕಪ್ಪು-ಬಿಳಿ ಚೌಕದೊಳಗೆ ಇರುವುದು ಹಣವಲ್ಲ, ಒಂದು ಸಾಲು ಬರಹ:

```
upi://pay?pa=abc@xyz&pn=Army%20Advance&am=8000&cu=INR&tn=Receive%20money
```

`pa` ಎಂದರೆ ಹಣ ಸೇರಬೇಕಾದ ವಿಳಾಸ, `am` ಮೊತ್ತ. `pn` ಹೆಸರು, `tn` ಟಿಪ್ಪಣಿ. ಇವೆರಡನ್ನೂ ಕೋಡ್ ಮಾಡಿದವನು ತನಗೆ ಬೇಕಾದಂತೆ ಬರೆಯಬಹುದು. ಹಾಗಾಗಿ "ಹಣ ಪಡೆಯಿರಿ" ಎಂಬ ಒಕ್ಕಣೆಗೆ ಯಾವ ಬೆಲೆಯೂ ಇಲ್ಲ. ಕೆಲಸ ಮಾಡುವ ಪದ `pay`, ಅಂದರೆ ಸ್ಕ್ಯಾನ್ ಮಾಡಿದವರು ಕೊಡಬೇಕು. ಪರದೆಯ ಮೇಲೆ ಎಂಟು ಸಾವಿರ ಮೂಡುತ್ತದೆ, ಕೆಳಗೆ ಪಿನ್ ಕೇಳುತ್ತದೆ. ನಿಲ್ಲಬೇಕಾದದ್ದು ಅಲ್ಲಿಯೇ.

ಏಕೆಂದರೆ ಪಾವತಿಯ ವೇಳೆ ಒತ್ತುವ ಪಿನ್, "ನನ್ನ ಖಾತೆಯಿಂದ ಇಷ್ಟು ತೆಗೆಯಿರಿ" ಎಂದು ನಾವು ಬ್ಯಾಂಕಿಗೆ ಹಾಕುವ ಸಹಿ. ಅದು ಫೋನಿನಲ್ಲೇ ಗೂಢಲಿಪಿಯಾಗಿ, ನಮ್ಮದೇ ಬ್ಯಾಂಕಿಗೆ ತಲುಪಿ ಪರಿಶೀಲನೆಯಾಗುತ್ತದೆ. ಬರುವ ಹಣಕ್ಕೆ ಈ ಸಹಿಯ ಹಂತವೇ ಇಲ್ಲ. ಚಾಟ್‌ನಲ್ಲೇ ರೂಪಾಯಿ ಚಿಹ್ನೆ ಒತ್ತಿ ಹಣ ಕಳಿಸುವಾಗಲೂ ನಡೆಯುವುದು ಇದೇ. ಪಿನ್ ಕಳಿಸುವವರದು, ಪಡೆಯುವವರು ಸುಮ್ಮನಿದ್ದರೂ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಿ ಸೇರುತ್ತದೆ.

ಹಿಂದೆ ಕೋಡ್‌ ಕೂಡ ಬೇಕಿರಲಿಲ್ಲ. ವ್ಯಕ್ತಿಯೊಬ್ಬ ಇನ್ನೊಬ್ಬರಿಗೆ 2,000 ರೂಪಾಯಿವರೆಗೆ ನೇರವಾಗಿ "ಹಣ ಕೊಡಿ" ಎಂಬ ಕೋರಿಕೆ ಕಳಿಸಬಹುದಿತ್ತು. ಈ ದಾರಿಯನ್ನು ವಂಚಕರು ಬಳಸಿಕೊಂಡಿದ್ದರಿಂದ ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ಅದನ್ನು ಮುಚ್ಚಿಸಿತು. ಒಳ್ಳೆಯ ನಿರ್ಧಾರ. ಆದರೆ ವ್ಯಾಪಾರಿ ಖಾತೆಗಳ ಕೋರಿಕೆಗಳು ಉಳಿದಿವೆ, ಕೋಡ್ ಮತ್ತು ಲಿಂಕುಗಳೂ ಉಳಿದಿವೆ. ಪಾವತಿಗೆ ಮುನ್ನ ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರನ್ನೇ ತೋರಿಸಬೇಕೆಂಬ ನಿಯಮವೂ 2025ರ ಮಧ್ಯಭಾಗದಲ್ಲಿ ಬಂತು. ಅದನ್ನು ಓದಿದರೆ "ಮಿಲಿಟರಿಯವನ" ಹೆಸರು ಬೇರೆಯೇ ಇರುವುದು ಕಾಣಬಹುದು. ಆದರೂ ವಂಚಕರು ಬೇರೆಯವರ ಖಾತೆ ಬಾಡಿಗೆಗೆ ಪಡೆಯುವುದರಿಂದ, ಹೆಸರು ಸರಿಯಾಗಿ ಕಂಡಿತೆಂದು ನೆಚ್ಚಿಕೊಳ್ಳುವಂತಿಲ್ಲ.

ಕೋಡ್ ಫಲಿಸದಿದ್ದರೆ ಆತ "ಹಣ ಹಾಕಿದೀನಿ ನೋಡಿ" ಎಂದು ಸ್ಕ್ರೀನ್‌ಶಾಟ್ ಕಳಿಸಬಹುದು. ಅದು ಬರೀ ಚಿತ್ರ. ಬ್ಯಾಂಕ್ ಖಾತೆಯ ವಹಿವಾಟಿನ ಪಟ್ಟಿಯಲ್ಲಿ ಆ ಮೊತ್ತ ಕಾಣುವವರೆಗೆ ಸೀರೆ ಪಾರ್ಸೆಲ್ ಆಗಬಾರದು.

ಪಿನ್ ಒತ್ತಿಯೇಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ವಂಚಕ ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮೊದಲೇ ಅದನ್ನು ತಡೆಹಿಡಿಯುವ ಅವಕಾಶ ಆಗ ಇರುತ್ತದೆ. ಕರೆ ಮಾಡುವಾಗ ಆ ವಹಿವಾಟಿನ 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ.