ಮೊದಲು ಜೆಡಿ ತರಿಸಿಕೊಳ್ಳಿ

‘ಆಪರೇಷನ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ. ಯಾವುದೇ ಪದವಿ. ಚೆನ್ನಾಗಿ ಮಾತಾಡಲು ಬರಬೇಕು. ತಕ್ಷಣ ಸೇರುವವರಿಗೆ ಆದ್ಯತೆ.’ ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ಇಂಥ ಜಾಹೀರಾತು ಹೊಸದಲ್ಲ. ಮಾಡಬೇಕಾದ ಕೆಲಸ ಏನೆಂಬುದು ಮಾತ್ರ ಇದರಲ್ಲಿಲ್ಲ. ಇದೇ ಹುದ್ದೆಯ ಹೆಸರಿನಲ್ಲಿ ಒಂದು ಕಡೆ ಗೋದಾಮಿನ ಸರಕಿನ ಲೆಕ್ಕ ಇಡಿಸುತ್ತಾರೆ, ಇನ್ನೊಂದು ಕಡೆ ದಿನವಿಡೀ ಫೋನ್ ಮಾಡಿಸಿ ಸಾಲ ಮಾರಿಸುತ್ತಾರೆ.

ಹೀಗೆ ಬರೆಯುವುದರ ಹಿಂದೆ ಯಾವಾಗಲೂ ಮೋಸ ಇರುವುದಿಲ್ಲ. ಕರೆ ಮಾಡುವವರು ಬಹಳ ಸಲ ಕನ್ಸಲ್ಟೆನ್ಸಿಯವರು. ಅಭ್ಯರ್ಥಿ ನೇರವಾಗಿ ಕಂಪನಿಗೇ ಅರ್ಜಿ ಹಾಕಿಬಿಟ್ಟರೆ ಅವರ ಕಮಿಷನ್ ಹೋಗುತ್ತದೆ, ಅದಕ್ಕೇ ವಿವರ ಮುಚ್ಚಿಡುತ್ತಾರೆ. ಟಾರ್ಗೆಟ್ ಇದೆ ಎಂದು ಬರೆದರೆ ಅರ್ಜಿ ಬರುವುದಿಲ್ಲವೆಂದು ಬಿಡುವವರೂ ಇದ್ದಾರೆ. ಯಾವುದೆಂದು ತಿಳಿಯಲು ಪೂರ್ತಿ ಜಾಬ್ ಡಿಸ್ಕ್ರಿಪ್ಷನ್, ಅಂದರೆ ಜೆಡಿ ಕೇಳಬೇಕು.

ಕೇಳಬೇಕಾದ್ದು ಮೊದಲ ಕರೆಯಲ್ಲೇ, ನಿಮ್ಮ ರೆಸ್ಯೂಮೆ ಕಂಪನಿಗೆ ಹೋಗುವ ಮುನ್ನ. ಒಂದು ಕನ್ಸಲ್ಟೆನ್ಸಿ ಅದನ್ನು ಕಳಿಸಿದ ಮೇಲೆ ಅದೇ ಹುದ್ದೆಗೆ ಬೇರೆಯವರ ಮೂಲಕ ಹೋಗುವುದು ಕಷ್ಟ. ಫೋನಿನಲ್ಲಿ ಕೇಳಿ, ಕೂಡಲೇ ಮೇಲ್ ಹಾಕಿ: ‘ನಮಸ್ಕಾರ, ಈ ಹುದ್ದೆಯ ಜೆಡಿ ಕಳಿಸಿಕೊಡಿ. ದಿನದ ಕೆಲಸ ಏನು, ಯಾರಿಗೆ ವರದಿ ಮಾಡಬೇಕು, ಪಾಳಿ ಯಾವುದು, ಮಾರಾಟದ ಟಾರ್ಗೆಟ್ ಇದೆಯೇ, ಸಂಬಳದಲ್ಲಿ ಖಚಿತ ಭಾಗ ಎಷ್ಟು ಎಂಬುದು ಗೊತ್ತಾದರೆ ರೆಸ್ಯೂಮೆ ಕಳಿಸಲು ಒಪ್ಪಿಗೆ ಕೊಡುತ್ತೇನೆ.’ ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಕಂಪನಿ ಬಿಡಿಸಿ ಹೇಳಿರದಿದ್ದರೆ ರಿಕ್ರೂಟರ್‌ಗೂ ಅಲ್ಲಿ ವಿಚಾರಿಸಲು ಇದೊಂದು ಕಾರಣವಾಗುತ್ತದೆ.

ಉತ್ತರವನ್ನು ನಿಧಾನವಾಗಿ ಓದಿ. ದಾವಣಗೆರೆಯ ಬಿ.ಕಾಂ. ಹುಡುಗಿಯೊಬ್ಬಳಿಗೆ ‘ಕ್ಲೈಂಟ್ ಕೋಆರ್ಡಿನೇಷನ್, ಲೀಡ್ ಫಾಲೋಅಪ್, ತಿಂಗಳ ಕನ್ವರ್ಷನ್, ಸಿಟಿಸಿ 3 ಲಕ್ಷ, ಇದರಲ್ಲಿ ಇನ್ಸೆಂಟಿವ್ 60,000’ ಎಂದು ಬಂತು ಅಂದುಕೊಳ್ಳಿ. ಲೀಡ್, ಕನ್ವರ್ಷನ್ ಎಂಬ ಮಾತು ಬಂತೆಂದರೆ ಅದು ಮಾರಾಟದ ಕೆಲಸ. ಟಾರ್ಗೆಟ್ ಮುಟ್ಟದಿದ್ದರೆ ಉಳಿಯುವುದು 2,40,000, ತಿಂಗಳಿಗೆ 20,000. ಪಿಎಫ್ ಇದ್ದರೆ ಕೈಗೆ ಬರುವುದು ಇನ್ನೂ ಕಡಿಮೆ. ಮಾರಾಟ ಇಷ್ಟವಿದ್ದವರಿಗೆ ಇದು ಕೆಟ್ಟ ಕೆಲಸವಲ್ಲ. ಲೆಕ್ಕಪತ್ರದ ಕೆಲಸವೆಂದು ನಂಬಿ ಊರು ಬಿಟ್ಟು ಬಂದವಳಿಗೆ ಮಾತ್ರ ಅದು ಅನ್ಯಾಯ.

ಕೆಲವರು ಬರವಣಿಗೆಯಲ್ಲಿ ಕೊಡದೆ ಬಾಯಲ್ಲೇ ಹೇಳುತ್ತಾರೆ. ಆಗ ಅವರು ಹೇಳಿದ್ದನ್ನು ನೀವೇ ಬರೆದು ‘ನಾನು ಅರ್ಥಮಾಡಿಕೊಂಡಿದ್ದು ಸರಿಯೇ?’ ಎಂದು ಮೇಲ್ ಮಾಡಿ. ಅದಕ್ಕೂ ಉತ್ತರವಿಲ್ಲದೆ ‘ಆಫೀಸಿಗೆ ಬನ್ನಿ, ಎಲ್ಲ ಹೇಳ್ತೀವಿ’ ಎಂದಷ್ಟೇ ಅನ್ನುತ್ತಿದ್ದರೆ ಬಸ್ ಹತ್ತಬೇಡಿ. ಜೆಡಿ ಬಂದರೂ ಅದು ಒಪ್ಪಂದವಲ್ಲ. ಆಫರ್ ಲೆಟರ್ ಬಂದಾಗ ಹುದ್ದೆ, ಕೆಲಸ, ಖಚಿತ ಸಂಬಳ ಮೂರನ್ನೂ ಅದರ ಜೊತೆ ಹೋಲಿಸಿ ನೋಡಿದ ಮೇಲೆಯೇ ಸಹಿ ಹಾಕಿ. ಜೆಡಿ ಕಳಿಸಲು ನೋಂದಣಿ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.